ಆಫ್ ಮಾಡಿದ ಎರಡು ಫ್ಲ್ಯಾಗ್

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಗಲ್ಲಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮಷಿನ್. ಅರ್ಜಿ ಹಾಕುವುದು, ಫೀ ಕಟ್ಟುವುದು, ಪಹಣಿ ತೆಗೆದುಕೊಡುವುದು ನಮ್ಮ ಕೆಲಸ. ಅಡ್ಮಿಷನ್ ದಿನಗಳಲ್ಲಿ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಜನ ಕಾಯುತ್ತಿರುತ್ತಾರೆ. ಆಳಂದ, ಅಫಜಲಪುರ, ಚಿತ್ತಾಪುರ ಕಡೆಯಿಂದ ಮೊದಲ ಬಸ್ಸಿಗೆ ಬಂದವರು.

2020ರಲ್ಲಿ ಒಂದು ತೊಂದರೆ ಶುರುವಾಯಿತು. ಒಂದು ಕಾಲೇಜಿನ ಫೀ ಕಟ್ಟುವ ವೆಬ್‌ಸೈಟ್. ಲಾಗಿನ್ ಆಗಿ, ವಿವರ ನೋಡಿ, ಹಣ ಕಟ್ಟುವ ಬಟನ್ ಒತ್ತಿದರೆ ಬ್ಯಾಂಕಿನ ಪುಟಕ್ಕೆ ಹೋಗುತ್ತದೆ. ಕಾರ್ಡ್ ನಂಬರ್ ಹಾಕಿ, ಓಟಿಪಿ ಹಾಕಿದರೆ ಹಣ ಕಟ್ ಆಗುತ್ತದೆ. ಆಮೇಲೆ ವಾಪಸ್ ಕಾಲೇಜಿನ ಸೈಟಿಗೆ ಬಂದು ರಸೀದಿ ಕಾಣಿಸಬೇಕು. ಆದರೆ ಅಲ್ಲಿ ರಸೀದಿ ಇರುತ್ತಿರಲಿಲ್ಲ. ‘ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂಬ ಸಾಲು ಬರುತ್ತಿತ್ತು. ಮತ್ತೆ ಲಾಗಿನ್ ಆದರೆ ಫೀ ಬಾಕಿ ಎಂದೇ ತೋರಿಸುತ್ತಿತ್ತು. ಹಣ ಮಾತ್ರ ಹೋಗಿರುತ್ತಿತ್ತು.

ತಲೆ ಕೆಡಿಸಿದ ವಿಷಯ ಅಂದರೆ, ಎಲ್ಲರಿಗೂ ಹೀಗೆ ಆಗುತ್ತಿರಲಿಲ್ಲ. ಒಬ್ಬರಿಗೆ ರಸೀದಿ ಬರುತ್ತಿತ್ತು, ಅದೇ ಕಂಪ್ಯೂಟರಿನಲ್ಲಿ ಮುಂದಿನವರಿಗೆ ಬರುತ್ತಿರಲಿಲ್ಲ. ನಾವು ಸರ್ವರ್ ಬ್ಯುಸಿ ಅಂದುಕೊಂಡೆವು. ನೆಟ್ ಸ್ಲೋ ಅಂದುಕೊಂಡೆವು. ಬ್ರೌಸರಿನ ಹಳೆಯ ಡೇಟಾ ಎಲ್ಲ ಅಳಿಸಿ ನೋಡಿದೆವು. ಏನೂ ಉಪಯೋಗವಾಗಲಿಲ್ಲ.

ಆಗ ನಮ್ಮಂಥ ಸೆಂಟರಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಕ್ರೋಮ್‌ನ ವಿಳಾಸದ ಜಾಗದಲ್ಲಿ `chrome://flags` ಎಂದು ಟೈಪ್ ಮಾಡಿ. ಮೇಲೆ ಹುಡುಕುವ ಜಾಗದಲ್ಲಿ `samesite` ಹಾಕಿ. ಬಂದ ಎರಡೂ ಸಾಲುಗಳನ್ನು `Default`ನಿಂದ `Disabled`ಗೆ ಬದಲಿಸಿ, ಕೆಳಗಿನ `Relaunch` ಒತ್ತಿ. ಅಷ್ಟೇ. ಆ ಎರಡರ ಹೆಸರು ಇವು:

```
#same-site-by-default-cookies
#cookies-without-same-site-must-be-secure
```

ಮಾಡಿದೆ. ರಸೀದಿ ಬಂತು. ಎರಡನೆಯವರಿಗೂ ಬಂತು, ಮೂರನೆಯವರಿಗೂ ಬಂತು. ಸಂಜೆಯೊಳಗೆ ನಾಲ್ಕೂ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿದೆ. ಆ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಇತ್ತು. ಇವು ಪ್ರಯೋಗದ ಸೌಲಭ್ಯಗಳು, ಇವನ್ನು ಮುಟ್ಟಿದರೆ ನಿಮ್ಮ ಡೇಟಾ ಹೋಗಬಹುದು, ಸುರಕ್ಷತೆಗೆ ಪೆಟ್ಟು ಬೀಳಬಹುದು, ಈ ಬದಲಾವಣೆ ಈ ಬ್ರೌಸರ್ ಬಳಸುವ ಎಲ್ಲರಿಗೂ ಅನ್ವಯಿಸುತ್ತದೆ ಅಂತ. ಓದಿದ್ದೆ. ಆದರೆ ಎದುರಿಗೆ ಹದಿನೈದು ಜನ ನಿಂತಿದ್ದರು. ಕೆಲಸ ಆಯಿತಲ್ಲ ಅಂತ ಮುಂದೆ ಹೋದೆ.

ಆ ಎರಡು ಫ್ಲ್ಯಾಗ್ ನಿಜವಾಗಿ ಏನು ಮಾಡುತ್ತಿದ್ದವು ಅನ್ನುವುದು ನನಗೆ ತಿಳಿದದ್ದು ಸುಮಾರು ಒಂದು ವರ್ಷದ ನಂತರ. ಅದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

ಗುಡಿಯ ಹೊರಗೆ ಚಪ್ಪಲಿ ಬಿಟ್ಟಾಗ ಒಂದು ಟೋಕನ್ ಕೊಡುತ್ತಾರಲ್ವಾ? ವಾಪಸ್ ಬಂದಾಗ ಆ ಟೋಕನ್ ತೋರಿಸಿದರೆ ನಿಮ್ಮ ಚಪ್ಪಲಿ ಸಿಗುತ್ತದೆ. ಕುಕೀ ಅಂದರೆ ಇಂಥದ್ದೇ ಟೋಕನ್. ನೀವು ಲಾಗಿನ್ ಪುಟ ತೆರೆದಾಗ ಸೈಟು ಒಂದು ಟೋಕನ್ ಕೊಡುತ್ತದೆ. ಆಮೇಲೆ ಆ ಸೈಟಿಗೆ ಏನೇ ಕೇಳಿದರೂ ಬ್ರೌಸರ್ ತಾನೇ ಆ ಟೋಕನ್ ತೋರಿಸುತ್ತದೆ. ಸೈಟಿಗೆ ನೀವು ಯಾರೆಂದು ಗೊತ್ತಾಗುವುದು ಹಾಗೆ.

ಹಳೆಯ ಪದ್ಧತಿಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು. ಕೋರಿಕೆ ಎಲ್ಲಿಂದ ಹೊರಟಿತು ಎಂದು ಬ್ರೌಸರ್ ನೋಡುತ್ತಿರಲಿಲ್ಲ. ನೀವು ಬ್ಯಾಂಕಿಗೆ ಲಾಗಿನ್ ಆಗಿದ್ದೀರಿ ಅನ್ನಿ. ಪಕ್ಕದ ಟ್ಯಾಬಿನಲ್ಲಿ ಯಾವುದೋ ಕೆಟ್ಟ ಪುಟ ತೆರೆದಿದೆ. ಆ ಪುಟ ಕಾಣದಂತೆ ಒಂದು ಫಾರ್ಮ್ ತುಂಬಿ ನಿಮ್ಮ ಬ್ಯಾಂಕಿಗೆ ಕಳಿಸಿದರೆ, ಬ್ರೌಸರ್ ನಿಮ್ಮ ಟೋಕನ್ನನ್ನೂ ಅದರ ಜೊತೆ ಕಳಿಸುತ್ತಿತ್ತು. ಬ್ಯಾಂಕು ಬೇರೆ ಕಾವಲು ಇಟ್ಟುಕೊಳ್ಳದಿದ್ದರೆ ನೀವೇ ಕಳಿಸಿದ್ದು ಅಂತ ನಂಬಿಬಿಡುತ್ತಿತ್ತು.

ಇದಕ್ಕೆ ಮದ್ದಾಗಿ ಬಂದದ್ದು `SameSite` ಎಂಬ ಗುರುತು. ಸೈಟು ಟೋಕನ್ ಕೊಡುವಾಗಲೇ ಅದರ ಮೇಲೆ ಬರೆಯಬಹುದು. `None` ಎಂದು ಬರೆದರೆ ಬೇರೆ ಸೈಟಿನಿಂದ ಹೊರಟ ಕೋರಿಕೆಯ ಜೊತೆಗೂ ಕಳಿಸು ಅಂತ ಅರ್ಥ. `Lax` ಎಂದರೆ ಯಾರಾದರೂ ಲಿಂಕ್ ಒತ್ತಿ ಬಂದರೆ ಕಳಿಸು, ಬೇರೆ ಸೈಟು ಫಾರ್ಮ್ ತುಂಬಿ ಪೋಸ್ಟ್ ಮಾಡಿದರೆ ಕಳಿಸಬೇಡ ಅಂತ. ಏನೂ ಬರೆಯದಿದ್ದರೆ? ಮೊದಲು ಅದನ್ನು `None` ಎಂದೇ ನೋಡುತ್ತಿದ್ದರು. ಕ್ರೋಮ್ ಇದನ್ನು ಬದಲಿಸಿ, ಬರೆಯದೆ ಬಿಟ್ಟದ್ದನ್ನೆಲ್ಲ `Lax` ಎಂದು ನೋಡಲು ಶುರುಮಾಡಿತು. 2020ರ ಫೆಬ್ರವರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಆರಂಭಿಸಿದರು. ಏಪ್ರಿಲ್‌ನಲ್ಲಿ ಕೊರೊನಾ ಕಾಲದಲ್ಲಿ ಜನರಿಗೆ ಬೇಕಾದ ಸೈಟುಗಳು ಕೈಕೊಡಬಾರದು ಅಂತ ಹಿಂದೆ ತೆಗೆದುಕೊಂಡರು. ಜುಲೈನಲ್ಲಿ 84ನೇ ಆವೃತ್ತಿಯ ಜೊತೆ ಮತ್ತೆ ಜಾರಿಗೆ ತಂದರು. ನಮ್ಮ ಅಡ್ಮಿಷನ್ ಕಾಲಕ್ಕೆ ಸರಿಯಾಗಿ ಬಂದು ಕೂತಿತು ಅದು.

ನಮ್ಮ ಕಾಲೇಜಿನ ಸೈಟು ಟೋಕನ್ ಮೇಲೆ ಏನೂ ಬರೆದಿರಲಿಲ್ಲ. ಬ್ಯಾಂಕಿನ ಪುಟ ಹಣ ಕಟ್ಟಿದ ವಿವರವನ್ನು ಫಾರ್ಮ್ ಮಾಡಿ ಕಾಲೇಜಿಗೆ ಪೋಸ್ಟ್ ಮಾಡುತ್ತಿತ್ತು. ಕ್ರೋಮ್ ಟೋಕನ್ ಕೊಡಲು ಒಪ್ಪಲಿಲ್ಲ. ಸೈಟಿಗೆ ಬಂದವರು ಯಾರೆಂದು ತಿಳಿಯಲಿಲ್ಲ. ಹೊಸಬರು ಅಂತ ಹೊಸ ಟೋಕನ್ ಕೊಟ್ಟಿತು, ಹಳೆಯದರ ಜಾಗಕ್ಕೆ ಅದು ಬಂತು. ಹಿಂದಕ್ಕೆ ಹೋಗುವ ಬಾಣ ಒತ್ತಿದರೂ ಏನೂ ಸಿಗದಿದ್ದದ್ದು ಅದಕ್ಕೇ.

ಇನ್ನು ಕೆಲವರಿಗೆ ಮಾತ್ರ ಯಾಕೆ ರಸೀದಿ ಬರುತ್ತಿತ್ತು? ಇದು ತಿಳಿದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇಂಥ ಸೈಟುಗಳು ಒಮ್ಮೆಲೇ ಕೆಡಬಾರದೆಂದು ಕ್ರೋಮ್ ಒಂದು ವಿನಾಯಿತಿ ಇಟ್ಟಿತ್ತು. ಗುರುತು ಬರೆಯದ ಟೋಕನ್ ಹುಟ್ಟಿ 2 ನಿಮಿಷ ಆಗಿಲ್ಲದಿದ್ದರೆ ಇಂಥ ಪೋಸ್ಟ್ ಜೊತೆಗೂ ಅದನ್ನು ಕಳಿಸುತ್ತಿತ್ತು. ಅಂದರೆ ಲಾಗಿನ್ ಪುಟ ತೆರೆದ 2 ನಿಮಿಷದೊಳಗೆ ಬ್ಯಾಂಕಿಗೆ ಹೋಗಿ ವಾಪಸ್ ಬಂದವರಿಗೆ ರಸೀದಿ ಸಿಗುತ್ತಿತ್ತು. ಸಿಟಿಯ ಹುಡುಗರು ಕಾರ್ಡ್ ನಂಬರ್ ಬಾಯಲ್ಲಿ ಹೇಳಿ, ಓಟಿಪಿ ಬಂದ ಕೂಡಲೇ ಹಾಕಿಬಿಡುತ್ತಿದ್ದರು. ಹಳ್ಳಿಯಿಂದ ಬಂದವರು ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ಬಿಚ್ಚಿ, ಒಂದೊಂದೇ ಅಂಕಿ ಓದಿ, ಓಟಿಪಿ ಮನೆಯಲ್ಲಿರುವ ಫೋನಿಗೆ ಬಂದಿದ್ದರೆ ಅಲ್ಲಿಗೆ ಕರೆ ಮಾಡಿ ಕೇಳಿ ಹೇಳುತ್ತಿದ್ದರು. ನಿಧಾನ ಆದವರಿಗೆ ಮಾತ್ರ ಹಣ ಹೋಗಿ ರಸೀದಿ ಬರುತ್ತಿರಲಿಲ್ಲ.

ಫ್ಲ್ಯಾಗ್ ಆಫ್ ಮಾಡಿದಾಗ ಸರಿಹೋದದ್ದು ಯಾಕೆ ಅಂತ ಈಗ ಹೇಳಬೇಕಾಗಿಲ್ಲ. ಹಳೆಯ ಕಿಂಡಿಯನ್ನು ನಾನು ಮತ್ತೆ ತೆರೆದಿದ್ದೆ. ಆ ಕಾಲೇಜಿಗೆ ಮಾತ್ರ ಅಲ್ಲ. ಫ್ಲ್ಯಾಗ್‌ಗೆ ಈ ಸೈಟು, ಆ ಸೈಟು ಅಂತ ಭೇದವಿಲ್ಲ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ದಿನಕ್ಕೆ ಎಷ್ಟೋ ಜನ ಬ್ಯಾಂಕು, ಪಿಂಚಣಿ, ಸ್ಕಾಲರ್‌ಶಿಪ್ ಅಂತ ಲಾಗಿನ್ ಆಗುತ್ತಾರೆ. ಅವರೆಲ್ಲರ ಕಾವಲು ನಾನು ಅವರನ್ನು ಕೇಳದೆ ತೆಗೆದಿದ್ದೆ.

ಇನ್ನೊಂದು ತಪ್ಪು ನನಗೆ ಈಗಲೂ ಚುಚ್ಚುತ್ತದೆ. ಅಫಜಲಪುರ ಕಡೆಯ ಒಬ್ಬ ತಂದೆ ಬಂದಿದ್ದರು. ಮಗ ಊರಲ್ಲೇ ಫೋನಿನಿಂದ ಫೀ ಕಟ್ಟಿದ್ದ. ಹಣ ಕಟ್ ಆಗಿತ್ತು, ರಸೀದಿ ಇಲ್ಲ. ಮತ್ತೆ ಕಟ್ಟಿದ್ದ. ಮತ್ತೆ ಹಾಗೇ.

“ಸೈಟ್ ಛಲೋ ಐತಿ ಕಾಕಾ, ನಮ್ಮಲ್ಲಿ ಎಲ್ಲಾರ್ದೂ ಆಗ್ಲಕತ್ತದ. ನಿಮ್ಮ ಹುಡುಗ ಏನರ ತಪ್ಪು ಒತ್ತಿರಬೇಕು ನೋಡ್ರಿ” ಅಂದೆ.

ಅವರು ಅಲ್ಲೇ ಮಗನಿಗೆ ಫೋನ್ ಮಾಡಿ ಬೈದರು. ಹುಡುಗ ಏನೂ ತಪ್ಪು ಮಾಡಿರಲಿಲ್ಲ. ಅವನ ಫೋನಿನ ಕ್ರೋಮ್ ಹೇಗಿರಬೇಕೋ ಹಾಗೇ ಇತ್ತು. ಬದಲಾಗಿದ್ದದ್ದು ನನ್ನದು. ನನ್ನ ಕಂಪ್ಯೂಟರ್ ನೋಡಿ ಲೋಕಕ್ಕೆಲ್ಲ ಸೈಟು ಸರಿಯಿದೆ ಎಂದು ನಾನು ಹೇಳಿಬಿಟ್ಟಿದ್ದೆ. ಫ್ಲ್ಯಾಗ್ ಬದಲಿಸಿದವರಿಗೆ ಇದು ಮೊದಲು ಗೊತ್ತಿರಬೇಕು. ಆಮೇಲೆ ನಿಮ್ಮ ಬ್ರೌಸರ್ ಕಾಣಿಸುವುದು ಬೇರೆಯವರಿಗೆ ಕಾಣಿಸುವುದಕ್ಕೆ ಸಾಕ್ಷಿಯಲ್ಲ.

ನಾನು ಅಷ್ಟು ಮೊದಲೇ ಕಾಲೇಜಿಗೆ ಸರಿಯಾಗಿ ತಿಳಿಸಿದ್ದರೆ ಆ ಹಣ ಎರಡು ಸಲ ಹೋಗುತ್ತಿರಲಿಲ್ಲವೇನೋ. ಆದರೆ ನನ್ನಲ್ಲಿ ಕೆಲಸ ನಡೆಯುತ್ತಿತ್ತು. ಹಾಗಾಗಿ ನಾನು ಯಾರಿಗೂ ತಿಳಿಸಲಿಲ್ಲ.

2021ರ ಬೇಸಿಗೆ ಕಳೆಯುವ ಹೊತ್ತಿಗೆ ತೊಂದರೆ ಮತ್ತೆ ಬಂತು. ಒಂದು ಬೆಳಿಗ್ಗೆ ಎರಡು ಕಂಪ್ಯೂಟರ್, ಮರುದಿನ ಉಳಿದೆರಡು. `chrome://flags`ಗೆ ಹೋಗಿ `samesite` ಎಂದು ಹುಡುಕಿದರೆ ಆ ಎರಡು ಸಾಲುಗಳೇ ಇಲ್ಲ. ಮೇ ತಿಂಗಳಲ್ಲಿ ಬಂದ 91ನೇ ಆವೃತ್ತಿಯಲ್ಲಿ ಅವುಗಳನ್ನು ತೆಗೆದುಹಾಕಿದ್ದರು.

ಇದರಲ್ಲಿ ಮೋಸವೇನೂ ಇಲ್ಲ. ಫ್ಲ್ಯಾಗ್ ಅಂದರೆ ಸೆಟ್ಟಿಂಗ್ ಅಲ್ಲ. ಬ್ರೌಸರ್ ಬರೆಯುವವರು ಹೊಸದನ್ನು ಪರೀಕ್ಷಿಸಲು, ಸೈಟು ನಡೆಸುವವರು ಮುಂದೆ ಬರುವ ಬದಲಾವಣೆಯನ್ನು ಈಗಲೇ ನೋಡಿಕೊಳ್ಳಲು ಹಾಕಿದ ಸ್ವಿಚ್ ಅದು. ಕ್ರೋಮ್‌ನ ಮೂಲ ಕೋಡಿನಲ್ಲಿ ಫ್ಲ್ಯಾಗ್‌ಗಳ ಪಟ್ಟಿಯ ಒಂದು ಫೈಲ್ ಇದೆ. ಅದರಲ್ಲಿ ಪ್ರತಿಯೊಂದರ ಪಕ್ಕ ಅದನ್ನು ನೋಡಿಕೊಳ್ಳುವವರು ಯಾರು, ಯಾವ ಆವೃತ್ತಿಯವರೆಗೆ ಅದು ಇರಬೇಕು ಎಂದು ಬರೆದಿರುತ್ತದೆ. ಹಾಲಿನ ಪಾಕೀಟಿನ ಮೇಲೆ ತಾರೀಖು ಇರುವ ಹಾಗೆ. ಅದು ಬಳಸುವವರಿಗೆ ಎದುರಿಗೆ ಕಾಣುವುದಿಲ್ಲ, ಅಷ್ಟೇ. ಮುಗಿದ ಮೇಲೆ ಕೆಲವು ಫ್ಲ್ಯಾಗ್‌ಗಳನ್ನು ಒಂದೆರಡು ಆವೃತ್ತಿಯವರೆಗೆ `Temporarily unexpire` ಎಂದು ಶುರುವಾಗುವ ಸಾಲಿನಿಂದ ಮತ್ತೆ ಕಾಣುವಂತೆ ಮಾಡಬಹುದು. ಅದೂ ಕೊನೆಯ ಸಲಕ್ಕೆ.

ಮತ್ತೆ ವಾಟ್ಸಾಪ್ ಗುಂಪು. ಈ ಸಲ ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮೇಲೆ ಬಲಗಡೆ ಒತ್ತಿ, `Target` ಸಾಲಿನ ಕೊನೆಗೆ ಒಂದಿಷ್ಟು ಬರೆಯಬೇಕು ಎಂದರು. ಅದನ್ನೂ ಬರೆದೆ. ಕೆಲಸ ಮಾಡಿತು. ಸೆಪ್ಟೆಂಬರ್‌ನಲ್ಲಿ 94ನೇ ಆವೃತ್ತಿ ಬಂದಾಗ ಅದೂ ನಿಂತಿತು.

ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. ಇಂಜಿನಿಯರಿಂಗ್ ಓದುತ್ತಾನೆ. ಅಂಗಡಿಯಲ್ಲಿ ಕೂತು ನೋಡಿದ.

“ಮಾಮಾ, ಬಾಗಿಲ ಮುರದದ ಅಂತ ಗ್ವಾಡಿನೇ ಒಡದೀರಿ. ಮೊದಲ ಏನಾಗ್ಯಾದ ನೋಡೂಣು” ಅಂದ.

ಎಫ್12 ಒತ್ತಿದ. ಬಲಗಡೆ ತೆರೆದ ಪಟ್ಟಿಯಲ್ಲಿ `Network` ಆರಿಸಿ, `Preserve log` ಮುಂದೆ ಟಿಕ್ ಹಾಕಿದ. ಇದು ಹಾಕದಿದ್ದರೆ ಪುಟ ಬದಲಾದ ಕೂಡಲೇ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಒಬ್ಬ ಹುಡುಗಿಯ ಪರೀಕ್ಷಾ ಫೀ ಕಟ್ಟಿದೆವು. ಬ್ಯಾಂಕಿನಿಂದ ವಾಪಸ್ ಬಂದ ಪೋಸ್ಟ್ ಸಾಲನ್ನು ಹುಡುಕಿ ಅದರ `Cookies` ಭಾಗ ತೆರೆದ. ಖಾಲಿ. ಅಲ್ಲೇ ಇದ್ದ `show filtered out request cookies` ಎಂಬುದಕ್ಕೆ ಟಿಕ್ ಹಾಕಿದ. ಹಳದಿ ಬಣ್ಣದಲ್ಲಿ ಒಂದು ಸಾಲು ಬಂತು. ನಮ್ಮ ಟೋಕನ್. `SameSite` ಕಾಲಮ್ಮಿನಲ್ಲಿ ಏನೂ ಇಲ್ಲ. ಅದರ ಮೇಲೆ ಮೌಸ್ ಇಟ್ಟರೆ, ಈ ಕುಕೀಗೆ ಗುರುತು ಹಾಕಿಲ್ಲವಾದ್ದರಿಂದ `Lax` ಎಂದು ತೆಗೆದುಕೊಂಡು ತಡೆದಿದ್ದೇವೆ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದಿತ್ತು. ಒಂದು ವರ್ಷ ಅಲ್ಲೇ ಬರೆದಿತ್ತು ಅದು. ನಾನು ತೆರೆದು ನೋಡಿರಲಿಲ್ಲ.

ಅದರ ಚಿತ್ರ ತೆಗೆದು, ಎರಡು ಪ್ಯಾರಾ ಬರೆದು, ಸೈಟಿನ ಕೆಳಗಿದ್ದ ಈಮೇಲ್‌ಗೆ ಕಳಿಸಿದೆವು. ಬದಲಿಸಬೇಕಾದದ್ದು ಒಂದೇ ಸಾಲು ಎಂದೂ ಬರೆದೆವು:

```
Set-Cookie: SESSIONID=...; Path=/; HttpOnly; Secure; SameSite=None
```

`None` ಎಂದು ಬರೆದರೆ `Secure` ಕೂಡ ಇರಲೇಬೇಕು. ಇಲ್ಲದಿದ್ದರೆ ಕ್ರೋಮ್ ಆ ಕುಕೀಯನ್ನೇ ತಳ್ಳಿಹಾಕುತ್ತದೆ. ನಾನು ಆಫ್ ಮಾಡಿದ್ದ ಎರಡನೇ ಫ್ಲ್ಯಾಗ್ ಇದೇ ನಿಯಮದ್ದು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ನಿಧಾನವಾಗಿ, ಬೇಕೆಂದೇ ಐದು ನಿಮಿಷ ತಡಮಾಡಿ ಒಬ್ಬರ ಫೀ ಕಟ್ಟಿದೆ. ರಸೀದಿ ಬಂತು. ಅವತ್ತು ಎಲ್ಲರ ಫೋನಿನಲ್ಲೂ ಬಂದಿರಬೇಕು.

ಅಂದಿನಿಂದ ಫ್ಲ್ಯಾಗ್ ಮುಟ್ಟಲೇ ಇಲ್ಲ ಅಂತಲ್ಲ. ಹೇಗೆ ಮುಟ್ಟುತ್ತೇನೆ ಅನ್ನುವುದು ಬದಲಾಯಿತು.

ಮೊದಲು ಗೊತ್ತಾದದ್ದು, ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ಮಾಡಿಕೊಂಡು ಅದರಲ್ಲಿ ಪರೀಕ್ಷೆ ಮಾಡಿದರೆ ಸಾಲದು ಅಂತ. ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಪ್ರೊಫೈಲಿಗೊಂದು ಇರುತ್ತವೆ. ಆದರೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ಫ್ಲ್ಯಾಗ್‌ಗಳು `Local State` ಎಂಬ ಒಂದೇ ಫೈಲಿನಲ್ಲಿ ಕೂತಿರುತ್ತವೆ. ಎಲ್ಲ ಪ್ರೊಫೈಲಿಗೂ ಅದೇ ಫೈಲು. ಒಂದರಲ್ಲಿ ಬದಲಿಸಿದರೆ ಎಲ್ಲದರಲ್ಲೂ ಬದಲಾಯಿತು. ಆದ್ದರಿಂದ ಪ್ರಯೋಗಕ್ಕೆ ಫೋಲ್ಡರನ್ನೇ ಬೇರೆ ಮಾಡಬೇಕು. ನಾನು ಒಂದು ಶಾರ್ಟ್‌ಕಟ್ ಬೇರೆ ಮಾಡಿಟ್ಟಿದ್ದೇನೆ:

```
chrome.exe --user-data-dir="C:\flagtest"
```

ಇದರಿಂದ ತೆರೆದ ಕ್ರೋಮ್‌ಗೂ ಅಂಗಡಿಯ ಕ್ರೋಮ್‌ಗೂ ಸಂಬಂಧವಿಲ್ಲ. ಏನು ಕೆಟ್ಟರೂ ಆ ಫೋಲ್ಡರ್ ಅಳಿಸಿದರೆ ಮುಗಿಯಿತು. ಇಲ್ಲಿ ಒಂದೇ ಒಂದು ಫ್ಲ್ಯಾಗ್ ಬದಲಿಸಿ ನೋಡುತ್ತೇನೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಇಲ್ಲಿ ತೊಂದರೆ ಹೋಯಿತು ಅಂದರೆ ಕಾರಣ ಎಲ್ಲಿದೆ ಅಂತ ಒಂದು ಸುಳಿವು ಸಿಕ್ಕಿತು. ಆ ಸುಳಿವು ಸೈಟಿನವರಿಗೆ ಹೋಗುತ್ತದೆ. ಜನ ಕೂರುವ ಕಂಪ್ಯೂಟರಿಗೆ ಹೋಗುವುದಿಲ್ಲ.

ಎರಡನೆಯದು, ಹಿಂದೆ ಬರುವ ದಾರಿ. ಒಮ್ಮೆ ಅಂಗಡಿಯ ಹುಡುಗ ಕಣ್ಣಿಗೆ ತಂಪು ಅಂತ ಒಂದು ಕಂಪ್ಯೂಟರಿನಲ್ಲಿ `#enable-force-dark` ಆನ್ ಮಾಡಿದ್ದ. ಎಲ್ಲ ಪುಟವನ್ನೂ ಕಪ್ಪು ಮಾಡುವ ಫ್ಲ್ಯಾಗ್ ಅದು. ನೋಡಲು ಚೆಂದವೇ ಇತ್ತು. ಆದರೆ ಒಂದು ಅರ್ಜಿಯ ಪುಟದಲ್ಲಿ ಕ್ಯಾಪ್ಚಾ ಕಾಣದಾಯಿತು. ಆ ಚಿತ್ರಕ್ಕೆ ಹಿನ್ನೆಲೆ ಬಣ್ಣ ಇರಲಿಲ್ಲ, ಕಪ್ಪು ಅಕ್ಷರ ಮಾತ್ರ ಇತ್ತು. ಪುಟ ಕಪ್ಪಾದ ಮೇಲೆ ಅಕ್ಷರ ಅದರಲ್ಲೇ ಕರಗಿಹೋಯಿತು. ನಾವು ಅರ್ಧ ಗಂಟೆ ಸೈಟನ್ನು ಬೈದೆವು. ಈಗ ಏನೇ ವಿಚಿತ್ರ ಕಂಡರೂ ಮೊದಲು `chrome://flags` ತೆರೆಯುತ್ತೇನೆ. ಬದಲಿಸಿದ ಸಾಲುಗಳು ತಾವೇ ಪಟ್ಟಿಯ ಮೇಲೆ ಬಂದು ನಿಲ್ಲುತ್ತವೆ. `Reset all` ಒತ್ತಿ, ಮತ್ತೆ ತೆರೆದು ನೋಡುತ್ತೇನೆ. ಯಾವುದೋ ಫ್ಲ್ಯಾಗ್‌ನಿಂದ ಕ್ರೋಮ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ ಆ ಪುಟದವರೆಗೆ ಹೋಗುವುದಕ್ಕೇ ಆಗುವುದಿಲ್ಲ. ಆಗ ಇದನ್ನು ಬಳಸಬೇಕು:

```
chrome.exe --no-experiments
```

ಆ ಒಂದು ಸಲಕ್ಕೆ ಫ್ಲ್ಯಾಗ್‌ಗಳನ್ನೆಲ್ಲ ಬದಿಗಿಟ್ಟು ತೆರೆಯುತ್ತದೆ. ಒಳಗೆ ಹೋಗಿ `Reset all` ಮಾಡಬಹುದು.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ಮಾತು. ಅದರ `about:config` ಇದಕ್ಕೆ ಉಲ್ಟಾ. ಅಲ್ಲಿ ನೀವು ಬದಲಿಸಿದ್ದನ್ನು ಅದು `prefs.js` ಫೈಲಿನಲ್ಲಿ ಬರೆದಿಟ್ಟುಕೊಂಡು, ಎಷ್ಟು ಅಪ್‌ಡೇಟ್ ಆದರೂ ಇಟ್ಟುಕೊಂಡೇ ಹೋಗುತ್ತದೆ. ಯಾವುದೋ ಹಳೆಯ ರೌಟರ್ ಪುಟ ತೆರೆಯಲಿಲ್ಲ ಅಂತ `security.tls.version.min` ಅನ್ನು 3ರಿಂದ 1ಕ್ಕೆ ಇಳಿಸಿ ಮರೆತಿರಿ ಅನ್ನಿ. ಆ ರೌಟರ್ ಗುಜರಿಗೆ ಹೋದ ಮೇಲೂ ನಿಮ್ಮ ಬ್ರೌಸರ್ ಹಳೆಯ, ದುರ್ಬಲ ಸಂಪರ್ಕವನ್ನು ಎಲ್ಲ ಸೈಟಿನ ಜೊತೆಗೂ ಒಪ್ಪುತ್ತಿರುತ್ತದೆ. ಯಾರೂ ನೆನಪು ಮಾಡುವುದಿಲ್ಲ. ಆ ಪುಟದಲ್ಲಿ `Show only modified preferences` ಎಂಬ ಟಿಕ್ ಇದೆ. ವರ್ಷಕ್ಕೊಮ್ಮೆಯಾದರೂ ಹಾಕಿ ನೋಡಿ.

ಮನೆಯ ಲ್ಯಾಪ್‌ಟಾಪಿನಲ್ಲಿ ನಾನೂ ಒಂದೆರಡು ಇಟ್ಟುಕೊಂಡಿದ್ದೇನೆ. ಸ್ಕ್ರಾಲ್ ಮಾಡುವಾಗ ಪುಟ ಜಾರುವುದು ನನಗೆ ಹಿಡಿಸುವುದಿಲ್ಲ, ಹಾಗಾಗಿ `#smooth-scrolling` ಆಫ್. ಕಾಣುವ ರೀತಿಗೆ ಸಂಬಂಧಿಸಿದ ಇಂಥವು ಕೆಟ್ಟರೆ ಕಣ್ಣಿಗೇ ಕಾಣುತ್ತವೆ. ಕುಕೀ, ಸಂಪರ್ಕ, ಸರ್ಟಿಫಿಕೇಟ್, ಸುರಕ್ಷತೆ ಎಂಬ ಮಾತು ಇರುವವು ಕೆಟ್ಟರೆ ಏನೂ ಕಾಣುವುದಿಲ್ಲ. ಎಲ್ಲ ಮೊದಲಿಗಿಂತ ಚೆನ್ನಾಗೇ ನಡೆಯುತ್ತಿರುತ್ತದೆ. ಅಂಥವನ್ನು ನಾನು ಈಗ ಅಂಗಡಿಯಲ್ಲೂ ಮುಟ್ಟುವುದಿಲ್ಲ, ಮನೆಯಲ್ಲೂ ಮುಟ್ಟುವುದಿಲ್ಲ.

ಗಲ್ಲಾ ಪೆಟ್ಟಿಗೆಯ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾವ ಕಂಪ್ಯೂಟರ್, ಯಾವ ಫ್ಲ್ಯಾಗ್, ಯಾಕೆ, ಯಾವತ್ತು ವಾಪಸ್ `Default` ಮಾಡಬೇಕು ಅಂತ ನಾಲ್ಕು ಗೆರೆ ಎಳೆದಿದ್ದೇನೆ. ಅದರ ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಎರಡು ಫ್ಲ್ಯಾಗ್‌ಗಳ ಹೆಸರು ಬರೆದಿದ್ದೇನೆ, ಕೆಲಸ ಮುಗಿದ ಮೇಲೆ ಬರೆದದ್ದು. ‘ಯಾಕೆ’ ಎಂಬ ಕಾಲಮ್ಮಿನಲ್ಲಿ ಅಫಜಲಪುರದ ಆ ಕಾಕಾ ಕಟ್ಟಿದ ಫೀ ಮೊತ್ತ ಇದೆ, ಎರಡು ಸಲ. ಮುಂದಿನ ವರ್ಷ ಅವರು ಮತ್ತೆ ಬಂದಾಗ ನಾನೇ ವಿಷಯ ಎತ್ತಿದೆ.

“ಕಾಕಾ, ಆವತ್ತು ನಿಮ್ಮ ಹುಡುಗುಂದು ಏನೂ ತಪ್ಪಿರಲಿಲ್ಲ. ತಪ್ಪು ನಂದೇ ಇತ್ತು” ಅಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಫೋನ್ ತೆಗೆದು, “ತಡೀರಿ, ಇದನ್ನ ಅವನಿಗೇ ಹೇಳ್ರಿ” ಅಂತ ನನ್ನ ಕೈಗೆ ಕೊಟ್ಟರು.